90 ಲೀಟರ್ ಅಕ್ವೇರಿಯಂ: ನಲ್ಲಿಯಿಂದ ತೊಟ್ಟಿಯವರೆಗಿನ ನೀರಿನ ಕೆಲಸದ ದಾಖಲೆ

ಬೆಂಗಳೂರಿನ ನಮ್ಮ ಮನೆಯಲ್ಲಿ ಸಿಹಿನೀರಿನ ಅಕ್ವೇರಿಯಂ ಒಂದನ್ನು ಹೊಸದಾಗಿ ಕಟ್ಟಿ, ಅದರಲ್ಲಿ ಮೀನು ಬಿಟ್ಟು, ವಾರವಾರದ ನೀರು ಬದಲಾವಣೆಯನ್ನು ಒಂದು ಕ್ರಮಕ್ಕೆ ತಂದ ಕೆಲಸದ ವಿವರ ಇಲ್ಲಿದೆ. ಗಾಜು, ದೀಪ, ಗಿಡಗಳ ವಿಚಾರವನ್ನು ಚಿಕ್ಕದಾಗಿ ಮುಗಿಸಿ, ನೀರಿನ ವಿಚಾರವನ್ನೇ ಹೆಚ್ಚಾಗಿ ಬರೆದಿದ್ದೇನೆ. ಮೀನು ಸಾಕುವವರ ಮನೆಗಳಲ್ಲಿ ನಾನು ಕಂಡಂತೆ, ಹೊಸ ತೊಟ್ಟಿಯ ಮೀನುಗಳು ಸಾಯುವುದು ಹೆಚ್ಚಾಗಿ ರೋಗದಿಂದಲ್ಲ. ಅಮೋನಿಯಾ, ನೈಟ್ರೈಟ್ ಅಥವಾ ಕ್ಲೋರಿನ್‌ನಿಂದ. ಈ ಮೂರನ್ನೂ ಅಳೆಯಬಹುದು. ಕ್ಲೋರಿನನ್ನು ನೀರು ತೊಟ್ಟಿಗೆ ಬೀಳುವ ಮೊದಲು ಬಕೆಟ್ಟಿನಲ್ಲಿಯೇ ತೆಗೆಯಬಹುದು, ಉಳಿದೆರಡನ್ನು ಮೀನು ಬಿಡುವ ಮೊದಲೇ ಫಿಲ್ಟರನ್ನು ಸಿದ್ಧಪಡಿಸಿ ತಡೆಯಬಹುದು.

ಹಂತ 1: ತೊಟ್ಟಿ, ಸಾಮಾನು, ಖರ್ಚು

ತೊಟ್ಟಿಯ ಉದ್ದ 90 ಸೆಂ.ಮೀ., ಅಗಲ 30 ಸೆಂ.ಮೀ., ಎತ್ತರ 40 ಸೆಂ.ಮೀ. ಲೆಕ್ಕದ ಪ್ರಕಾರ ಇದರ ಹಿಡಿತ 108 ಲೀಟರ್ ಆದರೂ ಗಾಜಿನ ದಪ್ಪ, ತಳದ ಜಲ್ಲಿ ಮತ್ತು ಮೇಲೆ ಬಿಡುವ ಖಾಲಿ ಜಾಗ ಕಳೆದರೆ ಉಳಿಯುವ ನೀರು ಕಡಿಮೆ. ಔಷಧಿಯ ಪ್ರಮಾಣವೆಲ್ಲ ನಿಜವಾದ ನೀರಿನ ಮೇಲೆ ನಿಂತಿರುವುದರಿಂದ, 10 ಲೀಟರಿನ ಬಕೆಟ್ಟಿನಿಂದ ಅಳೆದು ತುಂಬಿಸಿದೆನು. ಒಂಬತ್ತು ಬಕೆಟ್ ಹಿಡಿಯಿತು. ಮುಂದಿನ ಲೆಕ್ಕಗಳೆಲ್ಲ ಈ 90 ಲೀಟರಿಗೆ ಸಂಬಂಧಿಸಿದವು.

ತೊಟ್ಟಿಗೆ ಸುಮಾರು 3,200 ರೂಪಾಯಿ, ಕಬ್ಬಿಣದ ಸ್ಟ್ಯಾಂಡಿಗೆ 2,500 ರೂಪಾಯಿ, ಎರಡು ಸ್ಪಾಂಜ್ ಫಿಲ್ಟರ್ ಮತ್ತು ಒಂದು ಏರ್ ಪಂಪ್ ಸೇರಿ ಸಾವಿರದೊಳಗೆ ಖರ್ಚಾಯಿತು. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಅಳೆಯುವ ದ್ರವರೂಪದ ಟೆಸ್ಟ್ ಕಿಟ್ ತೊಟ್ಟಿಗಿಂತಲೂ ದುಬಾರಿಯಾಯಿತು. ಆದರೂ ದೀಪ, ಬಂಡೆ, ಹಿನ್ನೆಲೆಯ ಚಿತ್ರ ಇವುಗಳನ್ನೆಲ್ಲ ಬಿಟ್ಟಾದರೂ ಕಿಟ್ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇವುಗಳ ಜೊತೆಗೆ ಕ್ಷಾರತೆ, ಎಂದರೆ ಆಮ್ಲವನ್ನು ತಡೆದು ಪಿಎಚ್ ಕುಸಿಯದಂತೆ ಹಿಡಿಯುವ ನೀರಿನ ಶಕ್ತಿಯನ್ನು ಅಳೆಯುವ ಹನಿ ಪರೀಕ್ಷೆಯ ಬಾಟಲಿ, ಕುಡಿಯುವ ನೀರಿನ ಕ್ಲೋರಿನ್ ನೋಡಲು ಬಳಸುವ ಆರ್ಥೋಟಾಲಿಡಿನ್ ದ್ರಾವಣದ ಕಿಟ್, 0.01 ಗ್ರಾಂವರೆಗೆ ತೂಗುವ ಸಣ್ಣ ತಕ್ಕಡಿ, 10 ಮಿ.ಲೀ. ಸಿರಿಂಜ್ ಎರಡು, ಕ್ಲೋರಿನ್ ತೆಗೆಯುವ ಹೈಪೋ ಹರಳು ಅರ್ಧ ಕಿಲೋ ಮತ್ತು ಅಮೋನಿಯಂ ಕ್ಲೋರೈಡ್ ಅರ್ಧ ಕಿಲೋ ತಂದೆನು. ಅಮೋನಿಯಂ ಕ್ಲೋರೈಡ್ ಎಂದರೆ ಕಲಾಯಿ ಹಾಕುವವರು ಬಳಸುವ ನವಸಾಗರವೇ. ಆದರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದರಲ್ಲಿ ಬೇರೆ ಲೋಹದ ಅಂಶಗಳಿರಬಹುದಾದ್ದರಿಂದ ಪ್ರಯೋಗಾಲಯದ ದರ್ಜೆಯದನ್ನೇ ಕೊಂಡೆನು.

ಹಂತ 2: ಮನೆಯ ಮೂರು ನೀರುಗಳ ಪರೀಕ್ಷೆ

ನಮ್ಮ ಮನೆಯಲ್ಲಿ ಮೂರು ಬಗೆಯ ನೀರು ಸಿಗುತ್ತದೆ. ಅಂಗಳದ ನಲ್ಲಿಗೆ ಕಾವೇರಿ ನೀರು ನೇರವಾಗಿ ಬರುತ್ತದೆ, ಅದೂ ದಿನ ಬಿಟ್ಟು ದಿನ. ಅದೇ ನೀರು ಸಂಪಿನಲ್ಲಿ ಬೋರ್‌ವೆಲ್ ನೀರಿನೊಂದಿಗೆ ಬೆರೆತು ಓವರ್‌ಹೆಡ್ ಟ್ಯಾಂಕಿಗೆ ಏರಿ, ಮನೆಯೊಳಗಿನ ನಲ್ಲಿಗಳಿಗೆ ಇಳಿಯುತ್ತದೆ. ಮೂರನೆಯದು ಚಾವಣಿಯಿಂದ ಇಳಿಸಿ, ಸೋಸಿ, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು.

ಪರೀಕ್ಷೆಯಲ್ಲಿ ಮೂರೂ ಬೇರೆ ಬೇರೆ ನೀರುಗಳೆಂಬುದು ಸ್ಪಷ್ಟವಾಯಿತು. ಅಂಗಳದ ನಲ್ಲಿಯ ನೀರಿಗೆ ಆರ್ಥೋಟಾಲಿಡಿನ್ ಹನಿ ಬಿದ್ದ ಕೂಡಲೇ ನಿಂಬೆಹಣ್ಣಿನ ಸಿಪ್ಪೆಯಂಥ ಹಳದಿ ಹರಡಿತು. ಬಣ್ಣದ ಪಟ್ಟಿಗೆ ಹೋಲಿಸಿದರೆ ಲೀಟರಿಗೆ ಸುಮಾರು 0.8 ಮಿ.ಗ್ರಾಂ. ಕ್ಲೋರಿನ್. ಒಳಗಿನ ನಲ್ಲಿಯ ನೀರಿನಲ್ಲಿ ಬಣ್ಣ ಬರಲೇ ಇಲ್ಲ. ಸಂಪಿನಲ್ಲಿಯೂ ಟ್ಯಾಂಕಿನಲ್ಲಿಯೂ ನಿಂತು ಕ್ಲೋರಿನ್ ಕಳೆದುಹೋಗಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕೆಂದು ಹೇಳುತ್ತದೆ. ಮನುಷ್ಯರ ಸುರಕ್ಷತೆಗೆ ಬೇಕಾದ ಆ ಕನಿಷ್ಠ ಪ್ರಮಾಣವೇ ಮೀನಿನ ಕಿವಿರನ್ನು ಸುಡಲು ಸಾಕು, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಹಾನಿ. ಆದ್ದರಿಂದ ನೀರು ಕುಡಿಯಲು ಚೆನ್ನಾಗಿದೆ ಎಂಬ ಮಾತು ಅಕ್ವೇರಿಯಂ ಮಟ್ಟಿಗೆ ಏನನ್ನೂ ಹೇಳುವುದಿಲ್ಲ.

ಒಳಗಿನ ನಲ್ಲಿಯಲ್ಲಿ ಕ್ಲೋರಿನ್ ಇಲ್ಲದಿದ್ದರೂ ಇನ್ನೊಂದು ತೊಡಕು ಇತ್ತು. ಬೋರ್‌ವೆಲ್ ನೀರು ಬೆರೆತಿದ್ದರಿಂದ ಅದರಲ್ಲಿ ಮೊದಲಿನಿಂದಲೇ ಲೀಟರಿಗೆ 20 ಮಿ.ಗ್ರಾಂ. ನೈಟ್ರೇಟ್ ಕಂಡಿತು. ತೊಟ್ಟಿಯ ನೀರನ್ನು ಬದಲಿಸುವುದೇ ನೈಟ್ರೇಟ್ ತೆಗೆಯುವುದಕ್ಕಾಗಿ; ಅದಕ್ಕೆ ನೈಟ್ರೇಟ್ ಇರುವ ನೀರನ್ನೇ ಸುರಿಯುವುದರಿಂದ ಆಗುವ ಪರಿಣಾಮವನ್ನು 7ನೆಯ ಹಂತದಲ್ಲಿ ಲೆಕ್ಕ ಹಾಕಿದ್ದೇನೆ. ಕ್ಷಾರತೆಯನ್ನು ನೋಡಿದರೆ ಕಾವೇರಿ ನೀರು 5 ಡಿಗ್ರಿ ತೋರಿಸಿತು, ಎಂದರೆ ಲೀಟರಿಗೆ ಸುಮಾರು 90 ಮಿ.ಗ್ರಾಂ. ಮಳೆನೀರಿನಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು, ಎಂದರೆ ಕ್ಷಾರತೆ ಇಲ್ಲವೆನ್ನುವಷ್ಟು ಕಡಿಮೆ.

ಬೋರ್‌ವೆಲ್ ಬೆರೆತ ನೀರನ್ನು ದೂರವಿಟ್ಟು, ಐದು ಬಕೆಟ್ ಮಳೆನೀರು ಮತ್ತು ನಾಲ್ಕು ಬಕೆಟ್ ಕಾವೇರಿ ನೀರಿನಿಂದ ತೊಟ್ಟಿಯನ್ನು ತುಂಬಿಸಿದೆನು. ಮೃದುವಾದ, ನೈಟ್ರೇಟ್ ಇಲ್ಲದ ನೀರು ಸಿಗಲೆಂಬುದು ಉದ್ದೇಶವಾಗಿತ್ತು. ಈ ಮಿಶ್ರಣದ ಪರಿಣಾಮ 5ನೆಯ ಹಂತದಲ್ಲಿ ಕಾಣಿಸಿಕೊಂಡಿತು.

ಹಂತ 3: ಕ್ಲೋರಿನ್ ತೆಗೆಯುವ ದ್ರಾವಣ

ಅಕ್ವೇರಿಯಂ ಅಂಗಡಿಯವರು "ಸಾರ್, ನೀರು ಹಿಡಿದು ಒಂದು ದಿನ ಹಾಗೇ ಇಟ್ಟುಬಿಡಿ, ಕ್ಲೋರಿನ್ ತಾನಾಗಿ ಹೋಗುತ್ತೆ" ಎಂದಿದ್ದರು. ಅದನ್ನು ಪರೀಕ್ಷಿಸಲು ಅಂಗಳದ ನಲ್ಲಿಯಿಂದ ಎರಡು ಬಕೆಟ್ ನೀರು ಹಿಡಿದು, ಒಂದನ್ನು ಮನೆಯೊಳಗೆ ಸುಮ್ಮನೆ ಇಟ್ಟು, ಇನ್ನೊಂದಕ್ಕೆ ಏರ್ ಪಂಪಿನ ಗಾಳಿಕಲ್ಲನ್ನು ಇಳಿಬಿಟ್ಟೆನು. ಮಾರನೆಯ ದಿನ ಬೆಳಿಗ್ಗೆ ಗಾಳಿ ಹಾಯಿಸಿದ ಬಕೆಟ್ಟಿನ ನೀರು ಪರೀಕ್ಷೆಯಲ್ಲಿ ಬಣ್ಣ ಕೊಡಲಿಲ್ಲ, ಸುಮ್ಮನಿಟ್ಟ ಬಕೆಟ್ಟಿನ ನೀರು ಇನ್ನೂ ತಿಳಿಹಳದಿ ತೋರಿಸಿತು. ಅಂಗಡಿಯವರ ಮಾತು ಸುಳ್ಳಲ್ಲ, ಆದರೆ ಪಾತ್ರೆಯ ಬಾಯಿ ಎಷ್ಟು ಅಗಲ, ಬಿಸಿಲು ಬೀಳುತ್ತದೆಯೇ, ನೀರು ಕದಡುತ್ತದೆಯೇ ಎಂಬುದರ ಮೇಲೆ ಅದರ ಫಲ ನಿಂತಿದೆ. ಕ್ಲೋರಿನ್ ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಆಗಿದ್ದರಂತೂ ಅದು ಇಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ.

ಹೀಗಾಗಿ ಹೈಪೋವನ್ನೇ ಆರಿಸಿಕೊಂಡೆನು. ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್, Na2S2O3·5H2O. ಹಿಂದೆ ಫೋಟೊ ತೊಳೆಯುವವರ ಕತ್ತಲೆಕೋಣೆಯಲ್ಲಿ ಇರುತ್ತಿದ್ದ ಅದೇ ಹರಳು. ಒಂದು ಮಿ.ಗ್ರಾಂ. ಕ್ಲೋರಿನ್ ತೆಗೆಯಲು ಈ ಹರಳು ಹೆಚ್ಚೆಂದರೆ 7 ಮಿ.ಗ್ರಾಂ. ಬೇಕಾಗುತ್ತದೆ. 10 ಗ್ರಾಂ ಹರಳನ್ನು ತೂಗಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಮಾಡಿ ಕಂದು ಬಣ್ಣದ ಬಾಟಲಿಯಲ್ಲಿ ತುಂಬಿದೆನು. ಇದರ ಒಂದು ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಹೈಪೋ ಇರುತ್ತದೆ. ಆದ್ದರಿಂದ ಒಂದು ಲೀಟರ್ ನೀರಿಗೆ ಒಂದು ಮಿ.ಲೀ., ಅಂದರೆ ಒಂದು ಬಕೆಟ್ಟಿಗೆ ಒಂದು ಸಿರಿಂಜ್ ಎಂಬ ಸರಳ ಲೆಕ್ಕ ಸಿಕ್ಕಿತು. ಈ ಪ್ರಮಾಣ ಲೀಟರಿಗೆ 1.4 ಮಿ.ಗ್ರಾಂ.ವರೆಗಿನ ಕ್ಲೋರಿನನ್ನು ಖಚಿತವಾಗಿ ತೆಗೆಯುತ್ತದೆ. ನಮ್ಮ ನಲ್ಲಿಯ 0.8ಕ್ಕೆ ಸಾಕಷ್ಟು ಅಂತರವಿದೆ. ಒಂದು ಬಕೆಟ್ಟಿನ ಖರ್ಚು ಪೈಸೆಗಳಲ್ಲಿ ಮುಗಿಯುತ್ತದೆ.

ಹೈಪೋ ಹಾಕಿ, ಕೈಯಿಂದ ಒಮ್ಮೆ ಕದಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದರೆ ಬಣ್ಣ ಬರಬಾರದು. ಈ ಎರಡನೆಯ ಪರೀಕ್ಷೆಯನ್ನು ಯಾವ ವಾರವೂ ಬಿಡುವುದಿಲ್ಲ. ಹೈಪೋ ದ್ರಾವಣ ಕಾಲಕ್ರಮದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಬಾಟಲಿಯ ದ್ರಾವಣ ಹಾಲಿನಂತೆ ಮಬ್ಬಾದರೆ ಗಂಧಕ ಬೇರ್ಪಟ್ಟಿದೆ ಎಂದರ್ಥ, ಅದನ್ನು ಚೆಲ್ಲಿ ಹೊಸದು ಮಾಡಬೇಕು. ಪರೀಕ್ಷೆ ಮಾಡಿದ ನೀರನ್ನು ಎಂದಿಗೂ ಬಕೆಟ್ಟಿಗೆ ಅಥವಾ ತೊಟ್ಟಿಗೆ ಮರಳಿ ಸುರಿಯಬಾರದು, ಏಕೆಂದರೆ ಆರ್ಥೋಟಾಲಿಡಿನ್ ವಿಷಕಾರಿ. ಅದು ಕೈಗೆ ತಾಗಿದರೂ ಸೋಪು ಹಾಕಿ ತೊಳೆದುಕೊಳ್ಳಬೇಕು.

ಆರ್ಥೋಟಾಲಿಡಿನ್ ಬಣ್ಣವನ್ನು ಎರಡು ಸಲ ನೋಡುವುದು ಒಳ್ಳೆಯದು. ಸ್ವತಂತ್ರ ಕ್ಲೋರಿನ್ ಹನಿ ಬಿದ್ದ ಕೂಡಲೇ ಹಳದಿಯಾಗುತ್ತದೆ. ಅಮೋನಿಯಾದೊಂದಿಗೆ ಸೇರಿದ ಕ್ಲೋರಿನ್ ನಿಧಾನವಾಗಿ, ಐದು ನಿಮಿಷದೊಳಗೆ ಬಣ್ಣ ಕೊಡುತ್ತದೆ. ಮೊದಲು ತಿಳಿಯಾಗಿದ್ದ ಬಣ್ಣ ಆಮೇಲೆ ಗಾಢವಾದರೆ ನೀರಿನಲ್ಲಿ ಕ್ಲೋರಮೈನ್ ಇದೆ ಎಂದು ಅನುಮಾನಿಸಬೇಕು. ಅಂಥ ನೀರಿಗೆ ಹೈಪೋ ಹಾಕಿದರೆ ಕ್ಲೋರಿನ್ ಹೋಗುತ್ತದೆ, ಆದರೆ ಅಮೋನಿಯಾ ಹಿಂದೆ ಉಳಿಯುತ್ತದೆ. ಹೈಪೋ ಹಾಕಿದ ಬಕೆಟ್ಟಿನ ನೀರನ್ನು ಅಮೋನಿಯಾ ಕಿಟ್ಟಿನಿಂದಲೂ ಒಮ್ಮೆ ನೋಡಿದರೆ ಇದು ಖಚಿತವಾಗುತ್ತದೆ. ನಮ್ಮ ನಲ್ಲಿಯಲ್ಲಿ ಅಂಥದು ಕಾಣಲಿಲ್ಲ.

ಹಂತ 4: ಮೀನಿಲ್ಲದೆ ಫಿಲ್ಟರನ್ನು ಸಿದ್ಧಪಡಿಸಿದ್ದು

ಮೀನಿನ ಮಲ, ಕಿವಿರಿನಿಂದ ಹೊರಬರುವ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಸ್ಪಾಂಜಿನಲ್ಲಿ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಹೆಚ್ಚು ಸೇರಿದರೆ ಮಾತ್ರ ತೊಂದರೆ. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಫಿಲ್ಟರ್ ಸಿದ್ಧವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಮೀನನ್ನು ಬಿಟ್ಟು ಅದರ ಸಂಕಟದ ಮೇಲೆ ಫಿಲ್ಟರ್ ಬೆಳೆಸುವುದು ನನಗೆ ಒಪ್ಪಿಗೆಯಾಗದ ಕಾರಣ, ಅಮೋನಿಯಾವನ್ನು ಅಳೆದು ಹಾಕುವ ದಾರಿಯನ್ನು ಹಿಡಿದೆನು.

5.7 ಗ್ರಾಂ ಅಮೋನಿಯಂ ಕ್ಲೋರೈಡನ್ನು 100 ಮಿ.ಲೀ. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದೆನು. ಇದರ 10 ಮಿ.ಲೀ. ಹಾಕಿದರೆ 90 ಲೀಟರ್ ನೀರಿನಲ್ಲಿ ಅಮೋನಿಯಾ ಲೀಟರಿಗೆ 2 ಮಿ.ಗ್ರಾಂ. ಆಗುತ್ತದೆ. ಹಾಕಿ ಒಂದು ಗಂಟೆಯ ಬಳಿಕ ಕಿಟ್ ಕೂಡ 2ರ ಹಸಿರನ್ನೇ ತೋರಿಸಿತು. ಇದರಿಂದ ತೊಟ್ಟಿಯ ಅಳತೆಯೂ ತಕ್ಕಡಿಯೂ ಸರಿ ಇವೆ ಎಂಬುದು ಖಾತ್ರಿಯಾಯಿತು. ಹಲವು ವರ್ಷಗಳಿಂದ ಆರೋಗ್ಯವಾಗಿರುವ ಸ್ನೇಹಿತರೊಬ್ಬರ ತೊಟ್ಟಿಯ ಸ್ಪಾಂಜನ್ನು ಅದೇ ತೊಟ್ಟಿಯ ನೀರಿನಲ್ಲಿ ಹಿಂಡಿ, ಆ ಕಂದು ನೀರನ್ನು ಬಾಟಲಿಯಲ್ಲಿ ತಂದು ನನ್ನ ಸ್ಪಾಂಜಿನ ಮೇಲೆ ಸುರಿದೆನು. ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಬಾಟಲಿಗಳಿಗಿಂತ ಈ ಕಂದು ನೀರಿನ ಮೇಲೆ ನನಗೆ ಹೆಚ್ಚು ಭರವಸೆ. ಏರ್ ಪಂಪನ್ನು ಹಗಲೂ ರಾತ್ರಿ ನಿಲ್ಲಿಸಲಿಲ್ಲ, ಏಕೆಂದರೆ ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು.

ಮೊದಲ ವಾರ ಕಳೆಯುವುದರೊಳಗೆ ಅಮೋನಿಯಾ ಇಳಿಯತೊಡಗಿ, ನೈಟ್ರೈಟ್ ಪರೀಕ್ಷೆಯ ತಿಳಿನೀಲಿ ನೇರಳೆಗೆ ತಿರುಗಿತು. ಅಮೋನಿಯಾ ಶೂನ್ಯಕ್ಕೆ ಬಂದಾಗಲೆಲ್ಲ ಮತ್ತೆ 10 ಮಿ.ಲೀ. ಹಾಕುತ್ತ ಹೋದೆನು. ಈ ಹಂತದಲ್ಲಿ ಕಿಟ್ಟಿನ ಎರಡು ಮಿತಿಗಳನ್ನು ತಿಳಿದಿರಬೇಕು. ನೈಟ್ರೈಟ್ ಬಣ್ಣದ ಪಟ್ಟಿ 5 ಮಿ.ಗ್ರಾಂ.ಗೆ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಎಷ್ಟೇ ಇರಲಿ ಒಂದೇ ನೇರಳೆ. ಆಗ ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು. ನನಗೆ ಬೆರೆಸಿದ ನೀರಿನಲ್ಲಿ 2 ಬಂತು, ಎಂದರೆ ನಿಜವಾದದ್ದು 10. ಎರಡನೆಯದಾಗಿ, ನೈಟ್ರೇಟ್ ಪರೀಕ್ಷೆ ಒಳಗೊಳಗೇ ನೈಟ್ರೇಟನ್ನು ನೈಟ್ರೈಟ್ ಮಾಡಿಯೇ ಅಳೆಯುವುದರಿಂದ, ನೀರಿನಲ್ಲಿ ನೈಟ್ರೈಟ್ ಏರಿರುವಾಗ ನೈಟ್ರೇಟಿನ ಅಂಕಿಯನ್ನು ನಂಬಬಾರದು. ಆ ದಿನಗಳಲ್ಲಿ ನೈಟ್ರೇಟ್ ಪರೀಕ್ಷೆಯನ್ನೇ ಕೈಬಿಟ್ಟು ದ್ರಾವಣವನ್ನು ಉಳಿಸಿದೆನು.

ಹಂತ 5: ಕೆಲಸ ನಿಂತುಹೋದದ್ದು

ನಾಲ್ಕನೆಯ ಸಲ ಅಮೋನಿಯಾ ಹಾಕಿದ ಮೇಲೆ ಅದು ಇಳಿಯುವುದು ನಿಂತಿತು. ದಿನಗಳು ಕಳೆದರೂ ಕಿಟ್ಟಿನ ಹಸಿರು ಕದಲಲಿಲ್ಲ. ಪಂಪ್ ಸರಿಯಾಗಿ ನಡೆಯುತ್ತಿತ್ತು, ನೀರಿನ ಉಷ್ಣತೆ 26 ಡಿಗ್ರಿ ಇತ್ತು, ಕ್ಲೋರಿನ್ ಇರಲಿಲ್ಲ. ಸ್ಪಾಂಜಿನಲ್ಲಿ ಏನಾದರೂ ಕಟ್ಟಿಕೊಂಡಿದೆಯೇ ಎಂದು ತೆಗೆದು ನೋಡಿದ್ದರಿಂದ ಪ್ರಯೋಜನವಾಗಲಿಲ್ಲ. ಸ್ನೇಹಿತರ ತೊಟ್ಟಿಯಿಂದ ಮತ್ತೊಂದು ಬಾಟಲಿ ಕಂದು ನೀರು ತಂದು ಸುರಿದರೂ ಬದಲಾವಣೆ ಕಾಣಲಿಲ್ಲ. ಕೊನೆಗೆ ಪಿಎಚ್ ನೋಡಿದಾಗ ಉತ್ತರ ಸಿಕ್ಕಿತು: ಆರಂಭದಲ್ಲಿ 7.4 ಇದ್ದದ್ದು 6.2ಕ್ಕೆ ಕುಸಿದಿತ್ತು, ಕ್ಷಾರತೆಯ ಪರೀಕ್ಷೆ ಮೊದಲ ಹನಿಗೇ ಮುಗಿಯಿತು.

ಕಾರಣವನ್ನು ಅಂಕಿಗಳಲ್ಲಿ ಹೇಳುವುದು ಸುಲಭ. ಅಮೋನಿಯಾವನ್ನು ನೈಟ್ರೈಟ್ ಮಾಡುವಾಗ ಬ್ಯಾಕ್ಟೀರಿಯಾ ಆಮ್ಲವನ್ನು ಬಿಡುಗಡೆ ಮಾಡುತ್ತದೆ, ಆ ಆಮ್ಲ ನೀರಿನ ಕ್ಷಾರತೆಯನ್ನು ತಿನ್ನುತ್ತದೆ. 2 ಮಿ.ಗ್ರಾಂ. ಅಮೋನಿಯಾದ ಒಂದು ಸರದಿ ಮುಗಿಯುವಷ್ಟರಲ್ಲಿ ಲೀಟರಿಗೆ ಸುಮಾರು 12 ಮಿ.ಗ್ರಾಂ. ಕ್ಷಾರತೆ ಖರ್ಚಾಗುತ್ತದೆ. ಐದು ಬಕೆಟ್ ಮಳೆನೀರು ಬೆರೆತ ನನ್ನ ತೊಟ್ಟಿಯಲ್ಲಿ ಮೊದಲಿಗೆ ಇದ್ದದ್ದೇ ಸುಮಾರು 40 ಮಿ.ಗ್ರಾಂ. ಮೂರು ಸರದಿಗೆ ಅದು ತೀರಿತು, ನಾಲ್ಕನೆಯದಕ್ಕೆ ಏನೂ ಉಳಿಯಲಿಲ್ಲ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಈ ಬ್ಯಾಕ್ಟೀರಿಯಾದ ಕೆಲಸ ಬಹಳ ಮಂದವಾಗುತ್ತದೆ. ಪೂರ್ತಿ ಕಾವೇರಿ ನೀರನ್ನೇ ತುಂಬಿಸಿದ್ದರೆ ಏಳು ಸರದಿಗೆ ಸಾಕಾಗುವಷ್ಟು ಕ್ಷಾರತೆ ಇರುತ್ತಿತ್ತು.

ಪರಿಹಾರಕ್ಕೆ ಅಡುಗೆ ಸೋಡಾ ಸಾಕಾಯಿತು. 90 ಲೀಟರಿನಲ್ಲಿ ಕ್ಷಾರತೆಯನ್ನು ಲೀಟರಿಗೆ 50 ಮಿ.ಗ್ರಾಂ. ಏರಿಸಲು 7.5 ಗ್ರಾಂ ಸೋಡಾ ಬೇಕು. ಅಷ್ಟನ್ನು ಒಂದು ಮಗ್ ತೊಟ್ಟಿಯ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿದೆನು. ಮಾರನೆಯ ದಿನ ಪಿಎಚ್ 7.4ಕ್ಕೆ ಮರಳಿತ್ತು, ಎರಡು ದಿನಗಳಲ್ಲಿ ಅಮೋನಿಯಾ ಇಳಿಯತೊಡಗಿತು. ಅಲ್ಲಿಂದ ಮುಂದೆ ಪ್ರತಿ ವಾರ ಕ್ಷಾರತೆಯನ್ನು ಅಳೆದು, 3 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಂಡೆನು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ತೊಟ್ಟಿಯಲ್ಲಿ ಮೀನು ಇರಲಿಲ್ಲವಾದ್ದರಿಂದ ಮಾತ್ರ ಸೋಡಾವನ್ನು ಒಮ್ಮೆಲೇ ಹಾಕಲು ಸಾಧ್ಯವಾಯಿತು. ಪಿಎಚ್ ತಗ್ಗಿರುವಾಗ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಮೀನಿಗೆ ಅಷ್ಟಾಗಿ ತಾಗುವುದಿಲ್ಲ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 6.2 ಇದ್ದರೆ ವಿಷಕಾರಿ ರೂಪದ ಪಾಲು ನೂರಕ್ಕೆ 0.1ಕ್ಕಿಂತ ಕಡಿಮೆ, ಅದೇ ನೀರು 7.6ಕ್ಕೆ ಏರಿದರೆ ನೂರಕ್ಕೆ 2ರ ಆಚೆಗೆ, ಎಂದರೆ ಸುಮಾರು 25 ಪಟ್ಟು ಹೆಚ್ಚಾಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದೆ ಪಿಎಚ್ ಕುಸಿದ ಹಳೆಯ ತೊಟ್ಟಿಗೆ ಒಂದೇ ದಿನ ಅರ್ಧ ತೊಟ್ಟಿ ಗಡಸು ಬೋರ್‌ವೆಲ್ ನೀರನ್ನು ಸುರಿದಾಗ ಮೀನುಗಳು ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದು ಒಂದು ಮುಖ್ಯ ಕಾರಣ. ಅಂಥ ತೊಟ್ಟಿಯಲ್ಲಿ ಮೊದಲು ಅಮೋನಿಯಾವನ್ನೂ ಪಿಎಚ್ಚನ್ನೂ ಅಳೆದು, ದಿನಕ್ಕೆ ಒಂದು ಬಕೆಟ್ಟಿನಂತೆ ಬದಲಿಸುತ್ತ, ಕೆಲವು ದಿನಗಳಲ್ಲಿ ದಾರಿಗೆ ತರಬೇಕು.

ಹಂತ 6: ಮೀನು ಬಿಟ್ಟದ್ದು

ನೈಟ್ರೈಟ್ ಇಳಿಯಲು ಅಮೋನಿಯಾಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅದು 10ಕ್ಕೇರಿದ್ದ ದಿನಗಳಲ್ಲಿ ಅಮೋನಿಯಾ ದ್ರಾವಣವನ್ನು 5 ಮಿ.ಲೀ.ಗೆ ಇಳಿಸಿದ್ದೆನು. ಇಳಿಯತೊಡಗಿದ ಮೇಲೆ ಮಾತ್ರ ಕೆಲವೇ ದಿನಗಳಲ್ಲಿ ನೇರಳೆ ಹೋಗಿ ನೀಲಿ ಬಂತು. ರಾತ್ರಿ ಪೂರ್ತಿ 10 ಮಿ.ಲೀ. ಹಾಕಿ, ಮಾರನೆಯ ರಾತ್ರಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯ ಬಂದರೆ ಫಿಲ್ಟರ್ ಸಿದ್ಧವೆಂದು ಲೆಕ್ಕ. ಒಂದು ಸಲದ ಫಲಿತಾಂಶಕ್ಕೆ ತೃಪ್ತಿಪಡದೆ, ಮತ್ತೊಮ್ಮೆ ಹಾಕಿ ಅದೇ ಫಲಿತಾಂಶ ಬಂದ ಬಳಿಕವೇ ಮುಂದುವರಿದೆನು.

ಆಗ ನೈಟ್ರೇಟ್ 40 ಮತ್ತು 80ರ ನಡುವಿನ ಕೆಂಪಿನಲ್ಲಿತ್ತು. ಕಿಟ್ಟಿನ ಎರಡನೆಯ ನೈಟ್ರೇಟ್ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದೆ ಹನಿ ಹಾಕಿದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಅದರಲ್ಲಿನ ಪುಡಿ ತಳದಲ್ಲಿ ಕುಳಿತಿರುತ್ತದೆ. ತೊಟ್ಟಿಯ ಮುಕ್ಕಾಲು ನೀರನ್ನು ತೆಗೆದು, ಹೈಪೋ ಹಾಕಿದ ಕಾವೇರಿ ನೀರನ್ನು ತುಂಬಿಸಿ, ಮೊದಲ ಕಂತಿನಲ್ಲಿ ಆರು ರೋಸಿ ಬಾರ್ಬ್ ಮೀನುಗಳನ್ನು ಬಿಟ್ಟೆನು. ಫಿಲ್ಟರಿನ ಶಕ್ತಿಗೆ ಹೋಲಿಸಿದರೆ ಇದು ಬಹಳ ಸಣ್ಣ ಹೊರೆ. ಇಡೀ ತೊಟ್ಟಿಗೆ 2 ಮಿ.ಗ್ರಾಂ. ಲೆಕ್ಕದಲ್ಲಿ ದಿನಕ್ಕೆ 180 ಮಿ.ಗ್ರಾಂ. ಅಮೋನಿಯಾವನ್ನು ಆ ಸ್ಪಾಂಜ್‌ಗಳು ನಿಭಾಯಿಸುತ್ತಿದ್ದವು, ಎಂದರೆ ಸುಮಾರು 4 ಗ್ರಾಂ ಮೀನಿನ ಆಹಾರದಿಂದ ಹುಟ್ಟುವಷ್ಟು. ಆರು ಮೀನು ದಿನಕ್ಕೆ ತಿನ್ನುತ್ತಿದ್ದದ್ದು ಅರ್ಧ ಗ್ರಾಂ. ಎರಡನೆಯ ಕಂತಿನಲ್ಲಿ ಇನ್ನೂ ನಾಲ್ಕು ಬಂದವು, ಆಹಾರ 0.8 ಗ್ರಾಂಗೆ ಏರಿತು. ಎರಡೂ ಕಂತುಗಳಲ್ಲಿ ಮೊದಲ ವಾರ ಪ್ರತಿದಿನ ಪರೀಕ್ಷಿಸಿದರೂ ಅಮೋನಿಯಾ, ನೈಟ್ರೈಟ್ ಕಾಣಿಸಲಿಲ್ಲ.

ಹಂತ 7: ವಾರಕ್ಕೆ ಎಷ್ಟು ನೀರು ಬದಲಿಸಬೇಕು

ಹತ್ತು ಮೀನುಗಳಾದ ಮೇಲೆ ನೈಟ್ರೇಟ್ ವಾರಕ್ಕೆ ಸುಮಾರು 10 ಮಿ.ಗ್ರಾಂ. ಏರುತ್ತಿತ್ತು. ಪ್ರತಿ ವಾರ ಒಂದೇ ಪಾಲು ನೀರನ್ನು ಬದಲಿಸುತ್ತ ಹೋದರೆ ನೈಟ್ರೇಟ್ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ವಾರದ ಏರಿಕೆಯನ್ನು ಬದಲಿಸುವ ಪಾಲಿನಿಂದ ಭಾಗಿಸಿ, ಹೊಸ ನೀರಿನಲ್ಲಿರುವ ನೈಟ್ರೇಟನ್ನು ಕೂಡಿಸಿದರೆ ಆ ಮಟ್ಟ ಸಿಗುತ್ತದೆ. ಎರಡು ಬಕೆಟ್ ಎಂದರೆ 20 ಲೀಟರ್ ಬದಲಿಸಿದರೆ ಅದು 45ರಲ್ಲಿ ನಿಲ್ಲುತ್ತದೆ, ಮೂರು ಬಕೆಟ್ ಬದಲಿಸಿದರೆ 30ರಲ್ಲಿ. ನೈಟ್ರೇಟ್ 40ರ ಕೆಳಗಿರಬೇಕೆಂಬುದು ನಾನು ಇಟ್ಟುಕೊಂಡ ಮಿತಿಯಾದ್ದರಿಂದ ಮೂರು ಬಕೆಟ್ ಎಂದು ನಿಶ್ಚಯಿಸಿದೆನು.

ಇದೇ ಲೆಕ್ಕದಲ್ಲಿ ಒಳಗಿನ ನಲ್ಲಿಯ ನೀರನ್ನು ಬಳಸಿದರೆ ಅದರ 20 ಸೇರಿ, ಮೂರು ಬಕೆಟ್ ಬದಲಿಸಿದರೂ 50ರಲ್ಲಿ ನಿಲ್ಲುತ್ತಿತ್ತು. ಎಷ್ಟೇ ಬಾರಿ ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಹೊಸ ನೀರಿನ ನೈಟ್ರೇಟಿಗಿಂತ ಕೆಳಗೆ ಇಳಿಯಲಾರದು. ಗಿಡಗಳು ಹೀರಿಕೊಂಡರಷ್ಟೇ ಬೇರೆ ಮಾತು. ಕ್ಲೋರಿನ್ ಇಲ್ಲವೆಂಬ ಒಂದೇ ಕಾರಣಕ್ಕೆ ಓವರ್‌ಹೆಡ್ ಟ್ಯಾಂಕಿನ ನೀರನ್ನು ಆರಿಸಿಕೊಳ್ಳುವವರು ಈ ಅಂಕಿಯನ್ನೂ ನೋಡಬೇಕು.

ನೀರು ಬದಲಿಸುವ ಕ್ರಮ ಹೀಗಿದೆ. ಕಾವೇರಿ ನೀರು ಬಿಡುವ ದಿನ ಅಂಗಳದ ನಲ್ಲಿಯಿಂದ ಮೂರು ಬಕೆಟ್ ಹಿಡಿದು ಒಳಗಿಟ್ಟು, ಮೊದಲು ಕ್ಲೋರಿನ್ ಅಳೆದು, ಪ್ರತಿ ಬಕೆಟ್ಟಿಗೆ ಒಂದು ಸಿರಿಂಜ್ ಹೈಪೋ ಹಾಕಿ, ಮತ್ತೆ ಅಳೆಯುತ್ತೇನೆ. ತೊಟ್ಟಿಯ ಉಷ್ಣತೆಗೂ ಬಕೆಟ್ಟಿನ ಉಷ್ಣತೆಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಕೆಲವು ಗಂಟೆ ಬಿಡುತ್ತೇನೆ. ಜಲ್ಲಿಯ ನಡುವೆ ಪೈಪನ್ನು ಊರಿ ಕಸರನ್ನು ಸೈಫನ್ ಮಾಡಿ ಹಳೆಯ ನೀರನ್ನು ಇಳಿಸಿ, ಸ್ಪಾಂಜ್ ಕಟ್ಟಿಕೊಂಡಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ಆ ಇಳಿಸಿದ ನೀರಿನಲ್ಲಿಯೇ ಹಿಂಡುತ್ತೇನೆ. ನಲ್ಲಿಯ ಕೆಳಗೆ ಸ್ಪಾಂಜ್ ತೊಳೆದರೆ ಕ್ಲೋರಿನ್ ತಾಗಿ, ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಸತ್ತು, ಕೆಲವು ದಿನಗಳಲ್ಲಿ ಅಮೋನಿಯಾ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಂತ 8: ಸಂಪು ತೊಳೆದ ವಾರ

ಒಂದು ವಾರ ಕಾವೇರಿ ನೀರು ಬರುವುದು ತಡವಾದ್ದರಿಂದ, ನೈಟ್ರೇಟ್ ಸ್ವಲ್ಪ ಏರಿದರೂ ಆಗಲೆಂದು ಒಳಗಿನ ನಲ್ಲಿಯಿಂದಲೇ ಬಕೆಟ್ ಹಿಡಿದೆನು. ಆ ನಲ್ಲಿಯಲ್ಲಿ ಅದುವರೆಗೆ ಕ್ಲೋರಿನ್ ಕಂಡದ್ದೇ ಇಲ್ಲ. ಆದರೂ ಕ್ರಮದಂತೆ ಹನಿ ಹಾಕಿದಾಗ ನೀರು ಹಳದಿಯಾಗದೆ ನೇರವಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕಿಟ್ಟಿನ ಪಟ್ಟಿಯಲ್ಲಿ ಆ ಬಣ್ಣವೇ ಇರಲಿಲ್ಲ. ವಿಚಾರಿಸಿದಾಗ, ಹಿಂದಿನ ದಿನ ಸಂಪು ತೊಳೆಯಲು ಬಂದವರು ಬ್ಲೀಚಿಂಗ್ ಪೌಡರನ್ನು ಅಂದಾಜಿನಿಂದ ಹಾಕಿ, ಅದರ ಮೇಲೆಯೇ ನೀರು ತುಂಬಿಸಿದ್ದು ತಿಳಿಯಿತು.

ಒಂದಕ್ಕೆ ನಾಲ್ಕರಂತೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದಾಗ 0.8 ಬಂತು, ಎಂದರೆ ನಿಜವಾದ ಕ್ಲೋರಿನ್ ಲೀಟರಿಗೆ 4 ಮಿ.ಗ್ರಾಂ. ಇದು ಅಚ್ಚರಿಯ ಅಂಕಿಯಲ್ಲ. ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಇರುತ್ತದೆ. 6,000 ಲೀಟರಿನ ಸಂಪಿಗೆ ಒಂದು ಹಿಡಿ, ಎಂದರೆ 75 ಗ್ರಾಂ ಪುಡಿ ಬಿದ್ದರೆ ಈ ಮಟ್ಟ ತಲುಪುತ್ತದೆ. ಬಕೆಟ್ಟಿಗೆ ಒಂದು ಸಿರಿಂಜ್ ಎಂಬ ನನ್ನ ಎಂದಿನ ಪ್ರಮಾಣದ ಭರವಸೆ 1.4ರವರೆಗೆ ಮಾತ್ರ. ಉಳಿದ 2.6 ಮಿ.ಗ್ರಾಂ. ಕ್ಲೋರಿನ್ ಇರುವ ಮೂರು ಬಕೆಟ್ ನೀರು 90 ಲೀಟರಿನ ತೊಟ್ಟಿಯಲ್ಲಿ ಹರಡಿದ್ದರೂ ಲೀಟರಿಗೆ 0.8ರ ಮೇಲೆ ಆಗುತ್ತಿತ್ತು. ಅಷ್ಟು ಕ್ಲೋರಿನ್ ಮೀನುಗಳನ್ನು ಕೊಲ್ಲುತ್ತದೆ.

ಲೆಕ್ಕವನ್ನು ಪರೀಕ್ಷಿಸಲು ಒಂದು ಬಕೆಟ್ಟಿಗೆ ಮೂರು ಸಿರಿಂಜ್ ಹೈಪೋ ಹಾಕಿ ನೋಡಿದೆನು; ಬಣ್ಣ ಬರಲಿಲ್ಲ, ಅಮೋನಿಯಾವೂ ಕಾಣಲಿಲ್ಲ. ಹಾಗಿದ್ದರೂ ಆ ನೀರನ್ನು ತೊಟ್ಟಿಗೆ ಹಾಕದೆ ಗಿಡಗಳ ಬುಡಕ್ಕೆ ಸುರಿದೆನು. ಆ ದಿನ ನೈಟ್ರೇಟ್ 30ರಲ್ಲಿತ್ತು, ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವಾಗಿದ್ದವು. ಸಿದ್ಧವಾದ ಫಿಲ್ಟರ್ ಇರುವ ತೊಟ್ಟಿಯಲ್ಲಿ ನೀರು ಬದಲಾವಣೆ ಒಂದು ವಾರ ತಡವಾದರೆ ನೈಟ್ರೇಟ್ 40ಕ್ಕೇರುತ್ತದೆ, ಅಷ್ಟೆ. ಅನುಮಾನವಿರುವ ನೀರನ್ನು ಸುರಿಯುವ ಅವಸರಕ್ಕೆ ಕಾರಣವೇ ಇರಲಿಲ್ಲ. ಆಹಾರವನ್ನು ಅರ್ಧಕ್ಕೆ ಇಳಿಸಿ, ಅಂಗಳದ ನಲ್ಲಿಗೆ ನೀರು ಬಂದ ದಿನ ಎಂದಿನಂತೆ ಮೂರು ಬಕೆಟ್ ಬದಲಿಸಿದೆನು.

ಇದಾದ ಮೇಲೆ ಕ್ರಮದಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ಸಂಪು ಅಥವಾ ಓವರ್‌ಹೆಡ್ ಟ್ಯಾಂಕ್ ತೊಳೆಯುವ ದಿನವನ್ನು ಮನೆಯವರು ಮೊದಲೇ ತಿಳಿಸುತ್ತಾರೆ. ಅದರ ಹಿಂದಿನ ದಿನವೇ ಮೂರು ಬಕೆಟ್ ನೀರು ಹಿಡಿದಿಡುತ್ತೇನೆ. ಇನ್ನು ಹೈಪೋ ಪ್ರಮಾಣವನ್ನು ನೆನಪಿನಿಂದ ಹಾಕದೆ, ಆ ದಿನ ಅಳೆದ ಕ್ಲೋರಿನ್ ಅಂಕಿಯನ್ನು 7ರಿಂದ ಗುಣಿಸಿ, ಬಂದಷ್ಟು ಮಿ.ಲೀ. ದ್ರಾವಣವನ್ನು ಪ್ರತಿ ಬಕೆಟ್ಟಿಗೆ ಅಳೆದು, ಮೇಲೆ ಇನ್ನೆರಡು ಮಿ.ಲೀ. ಸೇರಿಸುತ್ತೇನೆ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದನ್ನು ಜೋಡಿಸುವುದು ಮಾತ್ರ ಇನ್ನೂ ಬಾಕಿ ಇದೆ.